ಅ-162 ಬ್ಯಾಚಿನ ಪ್ಯಾಕೆಟ್ ತಿನ್ನಬೇಡಿ

ಮೊದಲು ಸೂಚನೆಯನ್ನೇ ಓದಿಬಿಡೋಣ. ಧಾರವಾಡದ ಕಡೆ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಚಟ್ನಿ ಪುಡಿ ಮಾಡಿ ಮಾರುವ ಹೆಣ್ಣುಮಗಳೊಬ್ಬಳು ಬರೆದದ್ದು ಅಂದುಕೊಳ್ಳಿ.

“ಜೂನ್ 16. ನಮ್ಮ ಅಗಸೆ ಚಟ್ನಿ ಪುಡಿ 200 ಗ್ರಾಂ, ಬ್ಯಾಚ್ ಅ-162, ಮತ್ತು ಗುರೆಳ್ಳು ಚಟ್ನಿ ಪುಡಿ 200 ಗ್ರಾಂ, ಬ್ಯಾಚ್ ಗು-162, ಈ ಎರಡನ್ನು ದಯವಿಟ್ಟು ತಿನ್ನಬೇಡಿ. ಇವುಗಳಲ್ಲಿ ಶೇಂಗಾ, ಅಂದರೆ ಕಡಲೆಕಾಯಿ, ಬೆರೆತಿದೆ. ಲೇಬಲ್ ಮೇಲೆ ಅದನ್ನು ಬರೆದಿಲ್ಲ. ಶೇಂಗಾ ಅಲರ್ಜಿ ಇರುವವರಿಗೆ ಇದು ಅಪಾಯ. ಬೇರೆಯವರಿಗೆ ತೊಂದರೆ ಇಲ್ಲ, ಆದರೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನೋಡಿದರೆ, ಮೂಸಿದರೆ, ರುಚಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಬಿಸಿ ಮಾಡಿದರೆ ಹೋಗುವುದಿಲ್ಲ. ಬ್ಯಾಚ್ ನಂಬರ್ ಪ್ಯಾಕೆಟ್ ಹಿಂದೆ, ಕೆಳಗಿನ ಅಂಚಿನಲ್ಲಿದೆ. ಡಬ್ಬಕ್ಕೆ ಹಾಕಿ ಪ್ಯಾಕೆಟ್ ಬಿಸಾಡಿದ್ದರೆ, ಜೂನ್ 12ರ ನಂತರ ಕೊಂಡ ಪುಡಿ ಎಂದರೆ ಇದೇ ಎಂದು ತಿಳಿಯಿರಿ. ಕೊಂಡ ಅಂಗಡಿಗೆ ವಾಪಸ್ ಕೊಡಿ, ಬಿಲ್ ಬೇಡ, ಹಣ ಪೂರ್ತಿ ಕೊಡುತ್ತಾರೆ. ತಿಂದ ಮೇಲೆ ಮೈಮೇಲೆ ಗಂಧೆ, ತುಟಿ ಊತ, ಉಸಿರಾಟಕ್ಕೆ ಕಷ್ಟ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ ಅಥವಾ 108ಕ್ಕೆ ಕರೆ ಮಾಡಿ. ಇದುವರೆಗೆ ಒಬ್ಬ ಹುಡುಗನಿಗೆ ತೊಂದರೆಯಾಗಿದೆ, ಈಗ ಆರಾಮಾಗಿದ್ದಾನೆ. ನಮ್ಮ ಬೇರೆ ಬ್ಯಾಚುಗಳಲ್ಲಿ ಈ ತೊಂದರೆ ಇಲ್ಲ. ತಪ್ಪು ನಮ್ಮದು: ಯಂತ್ರ ತೊಳೆಯದೆ ಕುಟ್ಟಿದೆವು. ಫೋನ್ ನಂಬರ್ ಪ್ಯಾಕೆಟ್ ಮೇಲಿದೆ, ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ನಾನೇ ಮಾತಾಡುತ್ತೇನೆ.”

ಇದು ವಿವರಣೆಗಾಗಿ ಇಲ್ಲಿ ಕಟ್ಟಿದ ಉದಾಹರಣೆ; ಹೀಗೊಂದು ಘಟಕವನ್ನು ಹುಡುಕಿಕೊಂಡು ಹೋಗಬೇಡಿ. ಆದರೆ ಒಂದೇ ಯಂತ್ರದಲ್ಲಿ ನಾಲ್ಕು ಬಗೆಯ ಪುಡಿ ಮಾಡುವ ಎಲ್ಲ ಕಡೆಯೂ ಈ ತಪ್ಪು ಬಾಗಿಲ ಹೊರಗೇ ಕಾಯುತ್ತಿರುತ್ತದೆ. ಸೂಚನೆ ಓದಿದಾಗ ಗಾಬರಿಯಾಗುವುದಿಲ್ಲ, ಆದರೆ ಎದ್ದು ಹೋಗಿ ಅಡುಗೆಮನೆಯ ಕಪಾಟು ನೋಡಬೇಕೆನಿಸುತ್ತದೆ. ಆ ಸಮಾಧಾನ ಭಾಷೆಯಿಂದ ಬಂದದ್ದು ಎಂದು ಮೇಲ್ನೋಟಕ್ಕೆ ಅನಿಸಬಹುದು. ನಿಜವಾಗಿ ಅದು ಬಂದದ್ದು ಒಂದು ರಿಜಿಸ್ಟರಿನಿಂದ. ಅದು ಹೇಗೆಂದು ನೋಡುವ ಮುನ್ನ ಶೇಂಗಾದ ಕಥೆ ತಿಳಿಯಬೇಕು.

ಉತ್ತರ ಕರ್ನಾಟಕದಲ್ಲಿ ಶೇಂಗಾ ಹಿಂಡಿ ಇಲ್ಲದ ರೊಟ್ಟಿ ಊಟವಿಲ್ಲ. ಆದ್ದರಿಂದ ಅಂಗಡಿಯವರಿಗೆ ಈ ವಿಷಯ ಹೇಳಿದರೆ ಬರುವ ಮೊದಲ ಮಾತು, “ಅಕ್ಕಾರ, ಬರೇ ಶೇಂಗಾ ಅಲ್ಲೇನ್ರಿ? ಅದರಾಗೇನ್ ವಿಷ ಐತಿ?” ಎಂಬುದೇ. ವಿಷವೇನೂ ಇಲ್ಲ. ಕೆಲವರ ಮೈ ಮಾತ್ರ ಶೇಂಗಾದ ಪ್ರೋಟೀನನ್ನು ಶತ್ರು ಎಂದು ಗುರುತಿಟ್ಟುಕೊಂಡಿರುತ್ತದೆ. ಮುಂದಿನ ಸಲ ಅದು ಹೊಟ್ಟೆಗೆ ಹೋದಾಗ ದೇಹವೇ ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಸುತ್ತದೆ. ಚರ್ಮದ ಮೇಲೆ ಗಂಧೆ ಏಳುತ್ತದೆ, ತುಟಿ ನಾಲಿಗೆ ಊದುತ್ತವೆ, ವಾಂತಿಯಾಗಬಹುದು. ತೀವ್ರವಾದರೆ ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಇದೆಲ್ಲ ಶುರುವಾಗುತ್ತದೆ. ತೀವ್ರವಾದಾಗ ಕೆಲಸಕ್ಕೆ ಬರುವುದು ಅಡ್ರಿನಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಅಲರ್ಜಿ ಮಾತ್ರೆ ತುರಿಕೆ ಇಳಿಸೀತು, ಉಸಿರು ಬಿಡಿಸಲಾರದು. ಅದಕ್ಕೇ ಸೂಚನೆಯಲ್ಲಿ ಮಾತ್ರೆಯ ಹೆಸರಿಲ್ಲ, 108 ಇದೆ.

ಹುರಿದರೆ ಪ್ರೋಟೀನು ಸತ್ತು ಹೋಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಶೇಂಗಾದ ವಿಷಯದಲ್ಲಿ ಹಾಗಾಗುವುದಿಲ್ಲ. ಅಲರ್ಜಿ ತರುವ ಅದರ ಮುಖ್ಯ ಪ್ರೋಟೀನುಗಳು ಬಿಸಿಗೆ ಬಗ್ಗದ ಗಟ್ಟಿಗರು. ಒಣ ಹುರಿತದಲ್ಲಿ ಅವು ಇನ್ನಷ್ಟು ತೊಂದರೆ ಕೊಡುತ್ತವೆಂದೂ ಅಧ್ಯಯನಗಳು ಹೇಳುತ್ತವೆ. ಬಿಸಿಲಿಗೆ ಒಡ್ಡುವುದು, ಬಾಣಲೆಯಲ್ಲಿ ಮತ್ತೊಮ್ಮೆ ಬೆಚ್ಚಗೆ ಮಾಡುವುದು ನಮ್ಮ ಮನೆಗಳಲ್ಲಿ ಪುಡಿ ಕೆಟ್ಟಿತೆಂಬ ಅನುಮಾನ ಬಂದಾಗ ಮೊದಲು ಮಾಡುವ ಉಪಾಯ. ಅದಕ್ಕಿಂತ ಮೊದಲು ಮೂಸಿ ನೋಡುತ್ತೇವೆ. ಅಗಸೆ ಎಣ್ಣೆಕಾಳು, ಹಳತಾದರೆ ಕಮಟು ವಾಸನೆ ಬರುತ್ತದೆ, ಹಾಗಾಗಿ ಮೂಗನ್ನು ನಂಬುವುದು ಅಲ್ಲಿ ಸರಿಯೇ. ಇಲ್ಲಿ ಮೂಗು ಏನನ್ನೂ ಹೇಳದು. ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ, ಕರಿಬೇವು ಕೂಡಿದ ಕಂದು ಪುಡಿಯಲ್ಲಿ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಶೇಂಗಾ ಸೇರಿದರೆ ಕಣ್ಣಿಗೂ ನಾಲಿಗೆಗೂ ತಿಳಿಯುವುದಿಲ್ಲ. ಮನೆಯ ಹಿರಿಯರು ಮೂಸಿ ನೋಡಿ “ಛಲೋ ಐತಿ, ಯಾಕ್ ಚೆಲ್ತಿ?” ಎಂದು ಮತ್ತೆ ಡಬ್ಬದ ಮುಚ್ಚಳ ಹಾಕುವುದು ಖಂಡಿತ. ಆ ಒಂದು ಸಾಲು ಸೂಚನೆಯಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಬರೆದೂ ಅರ್ಧ ವ್ಯರ್ಥ.

ಎಷ್ಟು ಶೇಂಗಾ ಸಾಕು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೂಡಿಸಿದ ತಜ್ಞರ ಸಮಿತಿ ಶೇಂಗಾಕ್ಕೆ ಸೂಚಿಸಿದ ಅಳತೆ 2 ಮಿಲಿಗ್ರಾಂ ಪ್ರೋಟೀನ್. ಅಷ್ಟು ತಿಂದರೆ ಶೇಂಗಾ ಅಲರ್ಜಿ ಇರುವ ನೂರು ಜನರಲ್ಲಿ ಹೆಚ್ಚೆಂದರೆ ಐವರಲ್ಲಿ ಲಕ್ಷಣ ಕಾಣಬಹುದು ಎಂಬ ಲೆಕ್ಕ ಅದು. ಶೇಂಗಾದಲ್ಲಿ ಸುಮಾರು ಕಾಲು ಪಾಲು ಪ್ರೋಟೀನು. ಹಾಗಾದರೆ 8 ಮಿಲಿಗ್ರಾಂ ಶೇಂಗಾ, ಅರ್ಧ ಗ್ರಾಂ ತೂಗುವ ಒಂದು ಕಾಳನ್ನು ಅರವತ್ತು ಪಾಲು ಮಾಡಿದರೆ ಅದರಲ್ಲೊಂದು.

ಈಗ ಆ ಕೋಣೆಗೆ ಹೋಗೋಣ. ಅಲ್ಲಿರುವುದು ಕುಟ್ಟುವ ಯಂತ್ರ: ಸ್ಟೀಲಿನ ಒರಳುಗಳು, ಮೇಲಿನಿಂದ ಎದ್ದು ಬೀಳುವ ಒನಕೆಗಳು. ಎಣ್ಣೆಕಾಳಿಗೆ ಬೀಸುವುದಕ್ಕಿಂತ ಕುಟ್ಟುವುದೇ ಒಗ್ಗುತ್ತದೆ. ಆಕೆಯ ನಿಯಮ ಸರಳ. ಬೆಳಿಗ್ಗೆ ಅಗಸೆ, ಆಮೇಲೆ ಗುರೆಳ್ಳು, ಕೊನೆಗೆ ಶೇಂಗಾ, ಅದಾದ ಮೇಲೆ ಒರಳು ಒನಕೆ ಬಿಚ್ಚಿ ಬಿಸಿನೀರು ಸೋಪಿನಲ್ಲಿ ತೊಳೆದು ಒಣಗಿಸುವುದು. ಶೇಂಗಾವನ್ನು ಕೊನೆಗೆ ಇಟ್ಟದ್ದೇ ಅದರ ಪುಡಿ ಇನ್ನೊಂದಕ್ಕೆ ಸೇರದಿರಲಿ ಎಂದು. ಜೂನ್ 10ರ ಸಂಜೆ ಮದುವೆ ಮನೆಯ ಅವಸರದ ಬೇಡಿಕೆ ಬಂತು, ರಾತ್ರಿ ಎಂಟರ ತನಕ ಶೇಂಗಾ ಹಿಂಡಿ ಕುಟ್ಟಿದರು, ಕರೆಂಟ್ ಹೋಯಿತು, ಒಣ ಬ್ರಷ್‌ನಿಂದ ಗುಡಿಸಿ ಮನೆಗೆ ಹೋದರು. ಜೂನ್ 11ರ ಬೆಳಿಗ್ಗೆ ಬೇರೊಬ್ಬ ಹೆಣ್ಣುಮಗಳು ಬಂದು ಅಗಸೆ ಶುರುಮಾಡಿದಳು. ಶೇಂಗಾ ಎಣ್ಣೆ ಬಿಡುವ ಕಾಳು; ಅದರ ಪುಡಿ ಒರಳಿನ ತಳಕ್ಕೆ, ಒನಕೆಯ ಕುತ್ತಿಗೆಗೆ ಮೆತ್ತಿ ಕೂರುತ್ತದೆ. ಬ್ರಷ್‌ಗೆ ಅದು ಬರುವುದಿಲ್ಲ.

ಒರಳುಗಳಲ್ಲಿ ಒಟ್ಟು 100 ಗ್ರಾಂ ಹಿಂಡಿ ಉಳಿದಿತ್ತೆನ್ನಿ. ಅದರ ಮುಕ್ಕಾಲು ಪಾಲು ಶೇಂಗಾ, ಉಳಿದದ್ದು ಖಾರ ಉಪ್ಪು. ಅಂದರೆ 75 ಗ್ರಾಂ ಶೇಂಗಾ, ಸುಮಾರು 19 ಗ್ರಾಂ ಪ್ರೋಟೀನು. ಅದು 10 ಕಿಲೋ ಅಗಸೆ ಪುಡಿಗೆ ಸಮವಾಗಿ ಹರಡಿದರೆ ಒಂದು ಗ್ರಾಂ ಪುಡಿಗೆ ಸುಮಾರು 2 ಮಿಲಿಗ್ರಾಂ. ರೊಟ್ಟಿಯ ಜೊತೆ ಹಚ್ಚಿಕೊಳ್ಳುವ ಒಂದು ಚಮಚ, 5 ಗ್ರಾಂ ಪುಡಿಗೆ 9 ಮಿಲಿಗ್ರಾಂ ದಾಟುತ್ತದೆ. ತಜ್ಞರ ಅಳತೆಯ ನಾಲ್ಕೂವರೆ ಪಟ್ಟು. ಆದರೆ ಸಮವಾಗಿ ಹರಡುವುದಿಲ್ಲ ಎಂಬುದೇ ದೊಡ್ಡ ತೊಡಕು. 10 ಕಿಲೋವನ್ನು ಒಂದೇ ಸಲ ಕುಟ್ಟುವುದಿಲ್ಲ, ಎರಡೆರಡು ಕಿಲೋದ ಐದು ಒಬ್ಬೆ ಹಾಕುತ್ತಾರೆ. ಮೊದಲ ಒಬ್ಬೆಯೇ ಒರಳಿನ ಹಳೆಯ ಪುಡಿಯನ್ನು ಹೆಚ್ಚುಪಾಲು ಬಳಿದುಕೊಂಡು ಬರುತ್ತದೆ. ಆ ಒಬ್ಬೆಯಿಂದ ತುಂಬಿದ ಪ್ಯಾಕೆಟ್‌ಗಳಲ್ಲಿ ಚಮಚಕ್ಕೆ 45 ಮಿಲಿಗ್ರಾಂ ಇದ್ದರೂ ಆಶ್ಚರ್ಯವಿಲ್ಲ, ಕೊನೆಯ ಒಬ್ಬೆಯ ಪ್ಯಾಕೆಟ್‌ಗಳಲ್ಲಿ ಬಹುಶಃ ಏನೂ ಇರದು. ಯಾವ ಪ್ಯಾಕೆಟ್ ಯಾವ ಒಬ್ಬೆಯದು ಎಂದು ಯಾರೂ ಬರೆದಿಟ್ಟಿಲ್ಲ. ಹಾಗಾಗಿ ಐವತ್ತೂ ಪ್ಯಾಕೆಟ್ ಹೊರಗೆ.

ಇದೇ ಕಾರಣಕ್ಕೆ, ಒಂದು ಪ್ಯಾಕೆಟ್ಟನ್ನು ಲ್ಯಾಬಿಗೆ ಕಳಿಸಿ ವರದಿ ಬರುವವರೆಗೆ ಸುಮ್ಮನಿರೋಣ ಎಂಬ ಸಲಹೆ ಇಲ್ಲಿ ತಪ್ಪು. ಕಳಿಸಿದ್ದು ಐದನೆಯ ಒಬ್ಬೆಯದಾಗಿದ್ದರೆ “ಶೇಂಗಾ ಪತ್ತೆಯಾಗಿಲ್ಲ” ಎಂಬ ಕಾಗದ ಕೈಗೆ ಬರುತ್ತದೆ, ಮೊದಲ ಒಬ್ಬೆ ಯಾರದೋ ಊಟದ ತಟ್ಟೆಯಲ್ಲಿರುತ್ತದೆ. ಸಮವಾಗಿ ಬೆರೆಯದ ಕಲಬೆರಕೆಯಲ್ಲಿ ಇಲ್ಲವೆಂಬ ವರದಿಗೆ ಬೆಲೆ ಕಡಿಮೆ.

ಗುರೆಳ್ಳಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಹಳೇ ಮೈಸೂರಿನವರು ಹುಚ್ಚೆಳ್ಳು ಎನ್ನುವ ಇದನ್ನು ಅದೇ ಬೆಳಿಗ್ಗೆ, ಅಗಸೆಯ ಐದು ಒಬ್ಬೆ ಮುಗಿದ ಮೇಲೆ, ಅದೇ ಒರಳಲ್ಲಿ ಕುಟ್ಟಿದರು. ಅಷ್ಟು ಹೊತ್ತಿಗೆ ಒರಳಿನಲ್ಲಿ ಉಳಿದದ್ದು ಅಗಸೆ ಪುಡಿ, ಅದರಲ್ಲಿ ಅಲ್ಪ ಶೇಂಗಾ. 6 ಕಿಲೋ ಗುರೆಳ್ಳಿಗೆ ಅದನ್ನು ಹಂಚಿ ಲೆಕ್ಕ ಹಾಕಿದರೆ ಚಮಚಕ್ಕೆ 2 ಮಿಲಿಗ್ರಾಮಿನ ಹತ್ತನೇ ಒಂದು ಪಾಲೂ ಬರುವುದಿಲ್ಲ. ಲೆಕ್ಕದ ಪ್ರಕಾರ ಗುರೆಳ್ಳು ಪಾಸು. ಆದರೂ ಅದು ಸೂಚನೆಯಲ್ಲಿದೆ, ಮತ್ತು ಇರಬೇಕು ಎಂಬುದೇ ನನ್ನ ಅಭಿಪ್ರಾಯ. ಒನಕೆಯ ಕುತ್ತಿಗೆಗೆ ಹೆಪ್ಪುಗಟ್ಟಿದ ಶೇಂಗಾದ ಚೂರು ಐದನೆಯ ಒಬ್ಬೆಗೂ ಬೀಳದೆ ಆರನೆಯದಕ್ಕೆ ಉದುರಬಹುದು. ಸರಾಸರಿಯ ಲೆಕ್ಕ ಪುಡಿಗೆ ನಡೆಯುತ್ತದೆ, ಹೆಪ್ಪಿಗೆ ನಡೆಯುವುದಿಲ್ಲ. ಗೆರೆ ಎಳೆಯುವುದು ಎಲ್ಲಿ ಎಂದರೆ, ಯಂತ್ರ ತೊಳೆದದ್ದಕ್ಕೆ ಪುರಾವೆ ಇರುವ ಹಿಂದಿನ ಘಳಿಗೆಯಿಂದ, ಹಾಗೆ ಪುರಾವೆ ಇರುವ ಮುಂದಿನ ಘಳಿಗೆಯವರೆಗೆ. ಆ ಎರಡರ ನಡುವೆ ಕುಟ್ಟಿದ್ದರಲ್ಲಿ ಲೇಬಲ್ ಮೇಲೆ ಶೇಂಗಾ ಇಲ್ಲದ್ದೆಲ್ಲ ಅನುಮಾನದ ಮಾಲು.

ರಿಜಿಸ್ಟರ್ ಬರುವುದು ಇಲ್ಲಿ. ಅದು ಬರೀ ಗೆರೆ ಹಾಕಿದ ನೋಟ್‌ಬುಕ್ಕು. ತಾರೀಕು, ಏನು ಕುಟ್ಟಿದ್ದು, ಎಷ್ಟು ಕಿಲೋ, ಎಷ್ಟು ಪ್ಯಾಕೆಟ್, ಯಾರಿಗೆ ಹೋಯಿತು, ಯಂತ್ರ ತೊಳೆದವರ ಸಹಿ. ಬ್ಯಾಚ್ ನಂಬರಿನಲ್ಲೂ ಗುಟ್ಟೇನಿಲ್ಲ: ಅಗಸೆಗೆ ‘ಅ’, ವರ್ಷದ 162ನೆಯ ದಿನ ಜೂನ್ 11, ಅದಕ್ಕೆ ಅ-162. ಪ್ಯಾಕ್ ಮಾಡಿದ ಆಹಾರದ ಲೇಬಲ್ ಮೇಲೆ ಬ್ಯಾಚ್ ಅಥವಾ ಲಾಟ್ ಗುರುತು ಇರಲೇಬೇಕೆಂದು ನಿಯಮವಿದೆ. ಬಹಳ ಮಂದಿ ಅದನ್ನು ಇಲಾಖೆಗಾಗಿ ಒತ್ತುವ ಮುದ್ರೆ ಎಂದುಕೊಂಡು ವರ್ಷವಿಡೀ ‘ಬ್ಯಾಚ್ 1’ ಎಂದೇ ಒತ್ತುತ್ತಾರೆ. ಅಂಥವರು ಇಂಥ ದಿನ ಏನು ಬರೆಯಬಲ್ಲರು? “ನಮ್ಮ ಅಗಸೆ ಚಟ್ನಿ ಯಾರೂ ತಿನ್ನಬೇಡಿ” ಎನ್ನಬೇಕು, ಇಲ್ಲವೇ “ಕೆಲವು ಪ್ಯಾಕೆಟ್‌ಗಳಲ್ಲಿ” ಎಂದು ತೇಲಿಸಬೇಕು. ಮೊದಲನೆಯದು ಗಾಬರಿ ಹುಟ್ಟಿಸುತ್ತದೆ, ಎರಡನೆಯದು ಯಾರನ್ನೂ ಕಪಾಟಿನ ತನಕ ಎಬ್ಬಿಸುವುದಿಲ್ಲ. “ಅ-162 ಬಿಟ್ಟು ಬೇರೆ ಬ್ಯಾಚುಗಳಲ್ಲಿ ಈ ತೊಂದರೆ ಇಲ್ಲ” ಎಂದು ಗಟ್ಟಿ ದನಿಯಲ್ಲಿ ಹೇಳುವ ಹಕ್ಕು ತೊಳೆದ ಸಹಿ ಇದ್ದವರಿಗೆ ಮಾತ್ರ.

ನಮ್ಮ ಉದಾಹರಣೆಯಲ್ಲಿ ವಿಷಯ ಹೊರಬಿದ್ದದ್ದು ಬೆಂಗಳೂರಿನಿಂದ ಬಂದ ಒಂದು ಫೋನಿನಿಂದ. ಕೊರಿಯರಿನಲ್ಲಿ ತರಿಸಿದ್ದ ತಾಯಿ, ಲೇಬಲ್ ಓದಿಯೇ ಮಗನಿಗೆ ಹಾಕಿದ್ದಳು, ಹತ್ತು ನಿಮಿಷಕ್ಕೆ ಗಂಧೆ ಎದ್ದಿತು. ಹೀಗೆ ಫೋನ್ ಬಂದಾಗ ಮೊದಲು ಕೇಳಬೇಕಾದ್ದು “ಬೇರೆ ಏನಾದರೂ ತಿಂದಿರಬೇಕು ನೋಡಿ” ಎಂದಲ್ಲ. ಮಗು ಹೇಗಿದೆ, ವೈದ್ಯರಿಗೆ ತೋರಿಸಿದಿರಾ, ಪ್ಯಾಕೆಟ್ ಮೇಲಿನ ನಂಬರ್ ಏನು, ಉಳಿದ ಪುಡಿಯನ್ನು ಕಟ್ಟಿ ಇಡುತ್ತೀರಾ, ಈ ನಾಲ್ಕು ಪ್ರಶ್ನೆ. ಆಕೆ ನಂಬರ್ ಬರೆದುಕೊಂಡು ನೋಟ್‌ಬುಕ್ ತೆರೆದಳು. ಜೂನ್ 10ರ ಸಾಲು: ಶೇಂಗಾ ಹಿಂಡಿ, 8 ಕಿಲೋ, ರಾತ್ರಿ. ತೊಳೆದ ಸಹಿಯ ಜಾಗ ಖಾಲಿ. ಮುಂದಿನ ಸಾಲಿನಲ್ಲಿ ಅಗಸೆ, ಅದರ ಕೆಳಗೆ ಗುರೆಳ್ಳು, ಗುರೆಳ್ಳಾದ ಮೇಲೆ ಮಧ್ಯಾಹ್ನ ತೊಳೆದ ಸಹಿ. ಐದು ನಿಮಿಷದಲ್ಲಿ ಕಾರಣವೂ ಸಿಕ್ಕಿತು, ಗಡಿಯೂ ಸಿಕ್ಕಿತು.

ಒಟ್ಟು 80 ಪ್ಯಾಕೆಟ್. ಅಗಸೆ 50, ಗುರೆಳ್ಳು 30. ಕಪಾಟಿನಲ್ಲಿ 18 ಇವೆ. ಧಾರವಾಡದ ಅಂಗಡಿಗೆ 24, ಹುಬ್ಬಳ್ಳಿಯ ಅಂಗಡಿಗೆ 20, ಕೊರಿಯರಿನಲ್ಲಿ 10, ಸಂತೆಯಲ್ಲಿ ಕೈಯಿಂದ ಕೈಗೆ 8. ಅಂದರೆ ಸೂಚನೆ ಬರೆಯುವ ಮುನ್ನವೇ ಫೋನ್ ಮಾಡಬೇಕಾದವರು ಹನ್ನೆರಡು ಮಂದಿಯೊಳಗೆ: ಎರಡು ಅಂಗಡಿ, ಹತ್ತು ವಿಳಾಸ. ಮೊದಲು ಅಂಗಡಿಗಳು, ಏಕೆಂದರೆ ಅಲ್ಲಿ ಘಳಿಗೆ ಘಳಿಗೆಗೂ ಮಾರಾಟ ನಡೆದಿರುತ್ತದೆ. “ಶೆಲ್ಫಿನಿಂದ ತೆಗೆದು ಎಣಿಸ್ರಿ, ಚೀಲದಾಗ ಕಟ್ಟಿ ‘ಮಾರಬ್ಯಾಡ್ರಿ’ ಅಂತ ಬರದು ಒಳಗ ಇಡ್ರಿ, ಯಾರಿಗೂ ಕೊಡಬ್ಯಾಡ್ರಿ.” ಕೊನೆಯ ಮಾತನ್ನು ಒತ್ತಿ ಹೇಳಬೇಕು. ಚೆಲ್ಲುವುದೇಕೆಂದು ಕೆಲಸದ ಹುಡುಗರಿಗೆ ಹಂಚಿಬಿಡುವುದು ನಮ್ಮಲ್ಲಿ ಒಳ್ಳೆಯತನವೆಂದೇ ನಡೆದು ಬಂದಿದೆ, ಅವರಲ್ಲೊಬ್ಬನ ಮನೆಯಲ್ಲೂ ಅಲರ್ಜಿಯ ಮಗುವಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಸೂಚನೆ ನಿಜಕ್ಕೂ ಬೇಕಾಗಿರುವುದು ಸಂತೆಯ ಎಂಟು ಪ್ಯಾಕೆಟ್ಟಿಗೆ ಮತ್ತು ಅಂಗಡಿಯಲ್ಲಿ ಈಗಾಗಲೇ ಮಾರಾಟವಾದವಕ್ಕೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅವರಿಗೆ ತಲುಪುವ ದಾರಿ ಅಂಗಡಿಯ ಗಲ್ಲೆಯ ಬಳಿ ಅಂಟಿಸಿದ ಕಾಗದ, ಮುಂದಿನ ಸಂತೆಯಲ್ಲಿ ಅದೇ ಜಾಗದಲ್ಲಿ ಇಟ್ಟ ಫಲಕ, ಗ್ರಾಹಕರ ವಾಟ್ಸಾಪ್ ಗುಂಪು. ವಾಟ್ಸಾಪಿನಲ್ಲಿ ಪ್ಯಾಕೆಟ್ಟಿನ ಹಿಂಬದಿಯ ಫೋಟೊ, ಬ್ಯಾಚ್ ನಂಬರ್ ಇರುವ ಕಡೆ ಒಂದು ಸುತ್ತು ಹಾಕಿ ಕಳಿಸಿದರೆ ಅರ್ಧ ಕೆಲಸ ಆದಂತೆ. ಓದಲು ಬೇಸರಪಡುವ ಹಿರಿಯರಿಗೆ ತನ್ನದೇ ದನಿಯಲ್ಲಿ ಅರ್ಧ ನಿಮಿಷದ ಮಾತು. ತಾರೀಕು ಮಾತ್ರ ಮರೆಯಬಾರದು. ತಾರೀಕಿಲ್ಲದ ಎಚ್ಚರಿಕೆ ಗುಂಪಿನಿಂದ ಗುಂಪಿಗೆ ಹಾರುತ್ತ ಮೂರು ವರ್ಷವಾದರೂ ಸಾಯುವುದಿಲ್ಲ, ಆಗ ಆಕೆ ಕುಟ್ಟಿದ ಹೊಸ ಪುಡಿಯನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಇನ್ನು ಬರವಣಿಗೆಯ ಮಾತು. ಕಂಪನಿಗಳ ಧಾಟಿಯಲ್ಲಿ ಬರೆದಿದ್ದರೆ ಹೀಗಿರುತ್ತಿತ್ತು: “ತಾಂತ್ರಿಕ ಕಾರಣಗಳಿಂದಾಗಿ, ಗ್ರಾಹಕರ ಹಿತದೃಷ್ಟಿಯಿಂದ ಹಾಗೂ ಮುನ್ನೆಚ್ಚರಿಕೆಯ ಕ್ರಮವಾಗಿ ನಮ್ಮ ಕೆಲವು ಉತ್ಪನ್ನಗಳನ್ನು ಹಿಂಪಡೆಯಲಾಗುತ್ತಿದೆ. ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.” ಓದಿದವರಿಗೆ ಸಿಕ್ಕಿದ್ದೇನು? ಯಾವ ಪ್ಯಾಕೆಟ್ ಎಂದು ತಿಳಿಯಲಿಲ್ಲ, ತನಗೆ ಸಂಬಂಧವಿದೆಯೇ ತಿಳಿಯಲಿಲ್ಲ, ‘ಮುನ್ನೆಚ್ಚರಿಕೆ’ ಎಂದಾಗ ಇನ್ನೂ ಏನೂ ಆಗಿಲ್ಲವೆಂದೇ ಅರ್ಥ. ಒಬ್ಬ ಹುಡುಗ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಆ ಪದ ಬಳಸುವುದು ಸುಳ್ಳು. ಇನ್ನೊಂದು ತುದಿಯಲ್ಲಿ ಆಶ್ಚರ್ಯಚಿಹ್ನೆಗಳ ಸಾಲು, ಕೆಂಪು ಅಕ್ಷರ, “ಪ್ರಾಣಾಪಾಯ, ಎಲ್ಲರಿಗೂ ಕಳುಹಿಸಿ” ಎಂಬ ಕೂಗು. ಅದನ್ನು ನೋಡಿದ ಮಂದಿ ಹೆದರುವುದಕ್ಕಿಂತ ಹೆಚ್ಚಾಗಿ ನಂಬುವುದೇ ಇಲ್ಲ, ದಿನಕ್ಕೆ ಹತ್ತು ಅಂಥವು ಬರುತ್ತವೆ.

ಆಕೆಯ ಸೂಚನೆಯ ಮೊದಲ ವಾಕ್ಯದಲ್ಲೇ ವಸ್ತು, ತೂಕ, ನಂಬರ್, ‘ತಿನ್ನಬೇಡಿ’ ಎಲ್ಲ ಇವೆ. ಎರಡನೆಯದರಲ್ಲಿ ಕಾರಣ. ನಮಸ್ಕಾರ, ಹತ್ತು ವರ್ಷದ ಸೇವೆ, ಪರಂಪರೆಯ ರುಚಿ, ಇವುಗಳಿಂದ ಶುರುಮಾಡಿದ್ದರೆ ಮೂರನೆಯ ಸಾಲಿಗೇ ಓದುಗರು ಬಿಟ್ಟಿರುತ್ತಿದ್ದರು. ‘ಬಿಲ್ ಬೇಡ’ ಎಂಬುದು ಉದಾರತೆ ಅಲ್ಲ, ಲೆಕ್ಕಾಚಾರ: ಚಟ್ನಿ ಪುಡಿಯ ಬಿಲ್ಲನ್ನು ಯಾರೂ ಇಡುವುದಿಲ್ಲ, ಬಿಲ್ ಕೇಳಿದರೆ ಪುಡಿ ವಾಪಸ್ ಬರುವುದಿಲ್ಲ, ಬರದ ಪುಡಿ ಯಾರದೋ ಊಟಕ್ಕೆ ಹೋಗುತ್ತದೆ. ಡಬ್ಬದ ಸಾಲೂ ಹಾಗೆಯೇ. ಪುಡಿ ತಂದ ದಿನವೇ ಸ್ಟೀಲಿನ ಡಬ್ಬಕ್ಕೆ ಸುರಿದು ಪ್ಯಾಕೆಟ್ ಒಲೆಗೋ ಕಸಕ್ಕೋ ಹಾಕುವುದು ನಮ್ಮ ಪದ್ಧತಿ, ಆಗ ಬ್ಯಾಚ್ ನಂಬರ್ ಎಂಬ ಏರ್ಪಾಡೇ ಹೊಗೆಯಾಗುತ್ತದೆ. ಅಂಥವರಿಗೆ ಹಿಡಿಯಲು ಉಳಿಯುವುದು ಕೊಂಡ ದಿನ ಒಂದೇ. ಹಳೆಯ ಪುಡಿಯ ಮೇಲೇ ಹೊಸದನ್ನು ಸುರಿದಿದ್ದರೆ ಪೂರ್ತಿ ಡಬ್ಬ ಖಾಲಿ ಮಾಡಿ, ಡಬ್ಬ ಚಮಚ ಎರಡನ್ನೂ ಸೋಪು ಹಾಕಿ ತೊಳೆಯಬೇಕು ಎಂದು ಸೇರಿಸಿದ್ದರೆ ಇನ್ನೂ ಚೆನ್ನಾಗಿತ್ತು.

ಶೇಂಗಾ ಒಗ್ಗುವವರೂ ತಿನ್ನಬಾರದೇ ಎಂದು ಜಗಳ ತೆಗೆಯಬಹುದು. ಹೊರದೇಶಗಳಲ್ಲಿ ಇಂಥ ಸೂಚನೆಗಳು ಸಾಮಾನ್ಯವಾಗಿ “ಅಲರ್ಜಿ ಇದ್ದವರು ತಿನ್ನಬೇಡಿ” ಎಂದಷ್ಟೇ ಹೇಳುತ್ತವೆ. 2014ರ ಕೊನೆಯಿಂದ 2015ರವರೆಗೆ ಅಮೆರಿಕದಲ್ಲಿ ಜೀರಿಗೆ ಪುಡಿಯಲ್ಲಿ ಶೇಂಗಾ ಪ್ರೋಟೀನು ಕಂಡುಬಂದು, ಆ ಜೀರಿಗೆ ಹಾಕಿದ ಮಸಾಲೆ, ಮಾಂಸ, ಸಿದ್ಧ ಆಹಾರ ಎಂದು ನೂರಾರು ಪದಾರ್ಥಗಳು ಹಿಂದೆ ಹೋದಾಗಲೂ ಎಚ್ಚರಿಕೆ ಮುಖ್ಯವಾಗಿ ಅಲರ್ಜಿಯವರಿಗೇ ಇತ್ತು. ಅದು ತಪ್ಪಲ್ಲ. ಆದರೆ ನಮ್ಮ ಮನೆಗಳಲ್ಲಿ ಚಟ್ನಿ ಡಬ್ಬ ಒಬ್ಬರದಲ್ಲ. ಬಂದ ನೆಂಟರ ತಟ್ಟೆಗೆ, ಹಾಸ್ಟೆಲಿಗೆ ಹೊರಟ ಹುಡುಗನ ಬ್ಯಾಗಿಗೆ, ಪಕ್ಕದ ಮನೆಗೆ ಕೊಟ್ಟ ಬಟ್ಟಲಿಗೆ ಅದು ಹೋಗುತ್ತದೆ, ಸೂಚನೆ ಜೊತೆಗೆ ಹೋಗುವುದಿಲ್ಲ. ತನಗೆ ಶೇಂಗಾ ಅಲರ್ಜಿ ಇದೆ ಎಂದು ಗೊತ್ತೇ ಇಲ್ಲದ ಚಿಕ್ಕ ಮಕ್ಕಳೂ ಇರುತ್ತಾರೆ. 80 ಪ್ಯಾಕೆಟ್ ಅಷ್ಟೇ ಇರುವಾಗ ಎಲ್ಲರಿಂದಲೂ ವಾಪಸ್ ಕೇಳುವುದು ಸುಲಭ ದಾರಿ. ಬೇರೆಯವರಿಗೆ ತೊಂದರೆ ಇಲ್ಲ ಎಂಬ ಸತ್ಯವನ್ನೂ ಮುಚ್ಚಿಡಬಾರದು. ಈಗಾಗಲೇ ಕೆಲವು ದಿನ ತಿಂದವರು ರಾತ್ರಿಯಿಡೀ ಹೊಟ್ಟೆ ಮುಟ್ಟಿಕೊಂಡು ಕೂರುವುದು ಯಾಕೆ?

ಕಾನೂನಿನ ಮಾತನ್ನು ಚುಟುಕಾಗಿ ಹೇಳಿ ಮುಗಿಸಬಹುದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಕಲಮು, ತಾನು ಮಾರಿದ ಆಹಾರ ನಿಯಮಕ್ಕೆ ತಕ್ಕಂತಿಲ್ಲವೆಂದು ಕಂಡರೆ ಅದನ್ನು ಮಾರುಕಟ್ಟೆಯಿಂದ ಹಿಂಪಡೆದು, ಕಾರಣವನ್ನು ಗ್ರಾಹಕರಿಗೂ ಅಧಿಕಾರಿಗಳಿಗೂ ತಿಳಿಸುವುದು ತಯಾರಕರ ಹೊಣೆ ಎನ್ನುತ್ತದೆ. ಹೇಗೆ ಮಾಡಬೇಕೆಂಬ ವಿಧಾನಕ್ಕೆ 2017ರಲ್ಲಿ ಪ್ರತ್ಯೇಕ ನಿಯಮ ಬಂತು. ಶೇಂಗಾ, ಹಾಲು, ಮೊಟ್ಟೆ, ಮೀನು, ಸೋಯಾ, ಗೋಧಿಯಂಥ ಅಲರ್ಜಿ ತರುವ ಪದಾರ್ಥಗಳನ್ನು ಲೇಬಲ್ ಮೇಲೆ ಬೇರೆಯಾಗಿ ಹೇಳಬೇಕೆನ್ನುವುದು 2020ರ ಲೇಬಲ್ ನಿಯಮ. ಆದ್ದರಿಂದ ಸೂಚನೆ ಹೊರಬೀಳುವ ಹೊತ್ತಿಗೇ ಜಿಲ್ಲೆಯ ಅಂಕಿತ ಅಧಿಕಾರಿಗೂ ಒಂದು ಪತ್ರ ಹೋಗಬೇಕು. 2015ರ ಜೂನಿನಲ್ಲಿ ಮ್ಯಾಗಿ ದೇಶದ ಅಂಗಡಿಗಳಿಂದ ಮಾಯವಾದದ್ದನ್ನು ಕಂಡ ಜನರಿಗೆ ‘ಹಿಂಪಡೆ’ ಎಂದರೆ ಸರ್ಕಾರ ಮೇಲಿಂದ ಬಡಿಯುವ ಏಟು ಎಂದೇ ಮನಸ್ಸಿನಲ್ಲಿ ಕೂತಿದೆ. ತಾನಾಗಿ ಮುಂದೆ ಬಂದು ತಿಳಿಸುವವರಿಗೂ ಅದೇ ಕಾನೂನು ದಾರಿ ಇಟ್ಟಿದೆ ಎಂದು ಸಣ್ಣ ಘಟಕಗಳಲ್ಲಿ ಅನೇಕರಿಗೆ ತಿಳಿದೇ ಇಲ್ಲ.

ವಾರ ಕಳೆದ ಮೇಲೆ ಲೆಕ್ಕ ಕೂಡಿಸಬೇಕು. ಕಪಾಟಿನ 18, ಧಾರವಾಡದಿಂದ 21, ಹುಬ್ಬಳ್ಳಿಯಿಂದ 17, ಕೊರಿಯರಿನವರು ಹತ್ತೂ ಮಂದಿ ಸಿಕ್ಕಿದರು, ಸಂತೆಯವರಲ್ಲಿ ಐವರು ತಂದುಕೊಟ್ಟರು. 71. ಉಳಿದ ಒಂಬತ್ತು ಎಲ್ಲಿವೆ ಎಂದು ಗೊತ್ತಿಲ್ಲ, ತಿಂದು ಮುಗಿದಿರಬಹುದು. ಈ ಪುಡಿಯ ಬಾಳಿಕೆ ಮೂರು ತಿಂಗಳು ಎಂದು ಲೇಬಲ್ ಹೇಳುತ್ತದೆ, ಆದ್ದರಿಂದ ಅಂಗಡಿಯ ಕಾಗದ ಸೆಪ್ಟೆಂಬರ್ 11ರ ತನಕ ಗೋಡೆಯ ಮೇಲಿರಬೇಕು, ಗೀರು ಬಿದ್ದರೆ ಹೊಸದು ಅಂಟಿಸಬೇಕು. ಆ ದಿನ “ಅ-162 ವಿಷಯ ಮುಗಿಯಿತು, 80ರಲ್ಲಿ 71 ವಾಪಸ್ ಬಂದವು, ನಾಶ ಮಾಡಿದ್ದೇವೆ” ಎಂದು ಇನ್ನೊಂದು ಸಂದೇಶ ಅದೇ ಗುಂಪುಗಳಿಗೆ ಹೋಗಬೇಕು. ವಾಪಸ್ ಬಂದದ್ದಕ್ಕೆ ‘ಶೇಂಗಾ ಇದೆ’ ಎಂದು ಹೊಸ ಲೇಬಲ್ ಅಂಟಿಸಿ ಮಾರಿದರಾಯಿತಲ್ಲ ಎಂಬ ಆಸೆ ಹುಟ್ಟುವುದು ಸಹಜ. ಒಂದು ಪ್ಯಾಕೆಟ್‌ಗೆ 80 ರೂಪಾಯಿಯಂತೆ ಹಿಡಿದರೂ ನಷ್ಟ 6,400. ಒಡೆದ ಪ್ಯಾಕೆಟ್ಟು, ಯಾರ ಕೈಗೆಲ್ಲ ಹೋಗಿ ಬಂದದ್ದೋ ತಿಳಿಯದ ಪುಡಿ, ಅಧಿಕಾರಿಯ ಒಪ್ಪಿಗೆಯ ಓಡಾಟ, ಇಷ್ಟನ್ನೆಲ್ಲ ಕೂಡಿಸಿದರೆ ಗುಂಡಿ ತೋಡಿ ಮುಚ್ಚುವುದೇ ಅಗ್ಗ. ಪ್ಯಾಕೆಟ್ ಹರಿದು, ಎಣಿಸಿ, ಫೋಟೊ ತೆಗೆದು ಮುಚ್ಚಬೇಕು.

ಇಂಥದ್ದೊಂದು ಪೆಟ್ಟು ತಿಂದವರಿಗೆ ಮರುದಿನವೇ ಹೊಳೆಯುವ ಉಪಾಯ ಇನ್ನೊಂದಿದೆ: ಎಲ್ಲ ಲೇಬಲ್ ಮೇಲೂ ‘ಶೇಂಗಾ ಅಂಶ ಇರಬಹುದು’ ಎಂದು ಅಚ್ಚು ಹಾಕಿಸಿಬಿಡುವುದು. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ, ಒಂದೇ ಕೋಣೆಯಲ್ಲಿ ಶೇಂಗಾ ಹುರಿಯುವವರಿಗೆ ಅದು ಬೇಕಾಗಲೂಬಹುದು. ಆದರೆ ತೊಳೆಯುವ ಕೆಲಸಕ್ಕೆ ಬದಲಾಗಿ ಆ ಸಾಲು ಬಂದರೆ ಅಲರ್ಜಿಯ ಮಗುವಿನ ತಾಯಿಗೆ ಕೊಳ್ಳಲು ಅಂಗಡಿಯಲ್ಲಿ ಏನೂ ಉಳಿಯುವುದಿಲ್ಲ. ಕೆಲವು ದಿನ ನೋಡಿ ಆಕೆ ಆ ಸಾಲನ್ನೇ ಲೆಕ್ಕಕ್ಕಿಡದೆ ಕೊಳ್ಳತೊಡಗುತ್ತಾಳೆ. ನಮ್ಮ ಉದಾಹರಣೆಯ ಹೆಣ್ಣುಮಗಳು ಮಾಡಿದ್ದು ಬೇರೆ. ಶೇಂಗಾಕ್ಕೆಂದೇ ಬೇರೆ ಒರಳು ಒನಕೆಯ ಜೋಡಿ ಕೊಂಡು ಅದಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಳು. ಬೆಳಿಗ್ಗೆ ಕೆಲಸ ಶುರುಮಾಡುವವರು ಹಿಂದಿನ ದಿನದ ತೊಳೆದ ಸಹಿ ನೋಡಿ, ಅದರ ಪಕ್ಕ ತಮ್ಮದೊಂದು ಸಹಿ ಹಾಕಿದ ಮೇಲೇ ಸ್ವಿಚ್ ಒತ್ತಬೇಕು ಎಂದು ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದಳು. ಸಂಜೆ ಆರರ ಮೇಲೆ ಬರುವ ಶೇಂಗಾದ ಬೇಡಿಕೆಗೆ, ಮದುವೆ ಮನೆಯದಾದರೂ, ನಾಳೆ ಬರ್ರಿ ಎನ್ನುತ್ತಾಳೆ.